ಬೆನ್ನುಪುಟದ ಲೇಖಕ ಪರಿಚಯ: ನಾನು ಬರೆದದ್ದು, ಮೇಷ್ಟ್ರು ತಿದ್ದಿದ್ದು, ಸಾಫ್ಟ್‌ವೇರ್ ತಿದ್ದಿದ್ದು. ಯಾವುದು ಕಳಿಸಲಿ?

ಕಂಬದ ಮೇಲಿಂದ:
ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕಥಾಸಂಕಲನ ಅಚ್ಚಿಗೆ ಹೋಗ್ತಾ ಇದೆ. ಬೆನ್ನುಪುಟಕ್ಕೆ ಅರವತ್ತು ಪದದೊಳಗೆ ಲೇಖಕ ಪರಿಚಯ ಬೇಕು ಅಂತ ಪ್ರಕಾಶಕರು ಕೇಳಿದ್ದಾರೆ. ನಾನು ಬರೆದುಕೊಂಡದ್ದು ಇದು:

"ನಾನು ತೀರ್ಥಹಳ್ಳಿ ಕಡೆಯವನು. ಲೈನ್‌ಮನ್ ಕೆಲಸ, ಹನ್ನೊಂದು ವರ್ಷ ಆಯ್ತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಜನ ಮೊದಲು ನನ್ನನ್ನು ಬಯ್ಯುತ್ತಾರೆ, ಕರೆಂಟ್ ಬಂದ ಮೇಲೆ ಕಾಫಿ ಕೊಡುತ್ತಾರೆ. ಆ ಎರಡರ ನಡುವೆ ಕೇಳಿಸಿಕೊಂಡದ್ದನ್ನೇ ಕಥೆ ಮಾಡಿದ್ದೇನೆ. ಒಂದು ಕಥೆ ವಾರಪತ್ರಿಕೆಯಲ್ಲಿ ಬಂದಿತ್ತು, ಉಳಿದವು ಇದೇ ಮೊದಲು. ಬಿ.ಎ. ಅರ್ಧಕ್ಕೆ ಬಿಟ್ಟಿದ್ದು ಐಟಿಐ ಮಾಡಿದ್ದು, ಹೆಂಡತಿ ಅಂಗನವಾಡಿಯಲ್ಲಿ ಇದ್ದಾಳೆ, ಮಗಳು ಇದರಲ್ಲಿ ಎರಡು ಕಥೆಗಳನ್ನು ಓದಿ ಚೆನ್ನಾಗಿಲ್ಲ ಅಂದಿದ್ದಾಳೆ."

ಇದನ್ನು ನಮ್ಮ ಮೇಷ್ಟ್ರೊಬ್ಬರಿಗೆ ವಾಟ್ಸಾಪ್ ಮಾಡಿದೆ. ಈಗ ಸ್ನೇಹಿತರೇ ಆಗಿದ್ದಾರೆ, ಪುಸ್ತಕಕ್ಕೆ ಮುನ್ನುಡಿ ಬರೆದವರೂ ಅವರೇ. ಅರ್ಧ ಗಂಟೆಯಲ್ಲಿ ಹೀಗೆ ಬಂತು:

"ಮಲೆನಾಡಿನ ಮಡಿಲಲ್ಲಿ ಜನಿಸಿದ ಇವರು ವೃತ್ತಿಯಲ್ಲಿ ವಿದ್ಯುತ್ ಇಲಾಖೆಯ ನೌಕರರು, ಪ್ರವೃತ್ತಿಯಲ್ಲಿ ಕಥೆಗಾರರು. ಬಾಲ್ಯದಿಂದಲೇ ಸಾಹಿತ್ಯಾಸಕ್ತಿ ಬೆಳೆಸಿಕೊಂಡ ಇವರ ಕಥೆಗಳು ನಾಡಿನ ಹಲವು ಪತ್ರಿಕೆಗಳಲ್ಲಿ ಪ್ರಕಟಗೊಂಡು ಓದುಗರ ಮೆಚ್ಚುಗೆಗೆ ಪಾತ್ರವಾಗಿವೆ. ಕಾಯಕವೇ ಕೈಲಾಸವೆಂದು ನಂಬಿರುವ ಇವರು ಪತ್ನಿ ಹಾಗೂ ಪುತ್ರಿಯೊಂದಿಗೆ ತುಂಬು ಸಂಸಾರ ನಡೆಸುತ್ತಿದ್ದಾರೆ."

ಆಮೇಲೆ ನನ್ನದನ್ನೇ ಫೋನಿನ ಎಐ ಆ್ಯಪ್‌ಗೆ ಹಾಕಿ "ಚೆನ್ನಾಗಿ ತಿದ್ದಿಕೊಡು" ಅಂದೆ:

"ಮಲೆನಾಡಿನ ಹಸಿರು ಪರಿಸರದಲ್ಲಿ ಬೆಳೆದ ಲೇಖಕರು, ವಿದ್ಯುತ್ ಕ್ಷೇತ್ರದಲ್ಲಿ ಒಂದು ದಶಕಕ್ಕೂ ಹೆಚ್ಚಿನ ಅನುಭವ ಹೊಂದಿದ್ದಾರೆ. ಬೆಳಕು ಮತ್ತು ಕತ್ತಲೆಯ ನಡುವಿನ ದೈನಂದಿನ ಪಯಣವು ಅವರ ಕಥೆಗಳಿಗೆ ಸ್ಫೂರ್ತಿಯಾಗಿದೆ. ಅವರ ಬರಹವು ಕೇವಲ ಕಥೆಯಲ್ಲ, ಅದು ಸಾಮಾನ್ಯ ಜನರ ಬದುಕಿನ ಸೂಕ್ಷ್ಮ ಎಳೆಗಳನ್ನು ಹಿಡಿದಿಡುವ ಒಂದು ಪ್ರಯತ್ನವಾಗಿದೆ. ಬಿಡುವಿನ ವೇಳೆಯಲ್ಲಿ ಕುಟುಂಬದೊಂದಿಗೆ ಸಮಯ ಕಳೆಯಲು ಇಷ್ಟಪಡುತ್ತಾರೆ."

ಎರಡೂ ಓದೋಕೆ ಪುಸ್ತಕದ ಹಿಂದೆ ಇರೋ ಹಾಗೇ ಇವೆ, ಅದೇ ಸಮಸ್ಯೆ. ನಾನು ಯಾವ ಬೆಳಕು-ಕತ್ತಲೆಯ ಪಯಣವನ್ನೂ ಮಾಡಿಲ್ಲ ಮಾರಾಯ್ರೆ, ಎಲ್‌ಸಿ ತಗೊಂಡು, ಅಂದರೆ ಲೈನ್ ಆಫ್ ಮಾಡಿಸಿಕೊಂಡು, ಕಂಬ ಹತ್ತಿದ್ದೇನೆ ಅಷ್ಟೆ. ಆದರೆ ನನ್ನದು ಸ್ವಲ್ಪ ಒರಟು ಅಂತಲೂ ಅನ್ನಿಸ್ತದೆ. ಏನು ಮಾಡಲಿ?

ಹುಬ್ಳಿ ಮಂದಿ:
ಅಲ್ರೀ, ನಿಮ್ದ ಛಲೋ ಐತಲ್ಲ, ಯಾಕ ಕೆಡಸ್ಕೊಳ್ಳಾಕ ಹೊಂಟೀರಿ? ಸಾಫ್ಟ್‌ವೇರೂ ಬ್ಯಾಡ, ದೋಸ್ತ್ರೂ ಬ್ಯಾಡ. ಒಂದಕ್ಷರ ಮುಟ್ಟಬ್ಯಾಡ್ರಿ. ಇನ್ನೂ ಬೇಕಂದ್ರ "ಬಯ್ಯುತ್ತಾರೆ" ಅನ್ನೋದನ್ನ "ಬೈತಾರೆ" ಮಾಡ್ರಿ, "ಕೊಡುತ್ತಾರೆ" ಅನ್ನೋದನ್ನ "ಕೊಡ್ತಾರೆ" ಮಾಡ್ರಿ. ಮಾತಾಡಿಧಂಗ ಬರದ್ರ ಅದ ನಿಮ್ಮ ದನಿ. ಪುಸ್ತಕದ ಭಾಷೆ ಅಂದಕೂಡ್ಲೆ ದನಿ ಹೋತು.

ರಾಜಾಜಿನಗರದ ಆಂಟಿ:
ನಮಗೂ ಇದೇ ಆಗಿತ್ತು. ನಮ್ಮ ಅಕ್ಕನ ಮಗನ ಬಯೋಡೇಟಾ ಮಾಡುವಾಗ ಆ ಮದುವೆ ಆ್ಯಪ್ಪೇ ತಾನಾಗಿ ಬರೆದುಕೊಟ್ಟಿತು, "ಸರಳ, ಸುಸಂಸ್ಕೃತ, ಕುಟುಂಬ ಮೌಲ್ಯಗಳುಳ್ಳ ಯುವಕ" ಅಂತ. ಅದರಲ್ಲಿರೋ ಎಲ್ಲ ಹುಡುಗರೂ ಸರಳ, ಸುಸಂಸ್ಕೃತ! ಆಮೇಲೆ ನಾವೇ ಕೂತು "ರಾತ್ರಿ ಪಾಳಿ ಕೆಲಸ, ಅನ್ನ ಸಾರು ಮಾಡಲು ಬರುತ್ತೆ, ಪಲ್ಯ ಕಲೀತಿದ್ದಾನೆ" ಅಂತ ಹಾಕಿದೆವು. ಆಮೇಲೇ ಫೋನು ಬರೋಕೆ ಶುರುವಾಗಿದ್ದು. ನೀವೂ ಹಾಗೇ ನಿಜ ಬರೀರಿ. ಆದರೆ ಆ ಬಿ.ಎ. ಬಿಟ್ಟಿದ್ದು ಮಾತ್ರ ಹಾಕಬೇಡಿ, ಹೆಣ್ಣಿನ ಕಡೆಯವರು ಮೊದಲು ಅದನ್ನೇ ನೋಡೋದು.

ಕಂಬದ ಮೇಲಿಂದ:
ಅಮ್ಮಾ, ನನಗೆ ಮದುವೆಯಾಗಿ ಮಗಳಿದ್ದಾಳೆ 😀 ಇದು ಪುಸ್ತಕಕ್ಕೆ. ಪಲ್ಯದ ಐಡಿಯಾ ಮಾತ್ರ ಭರ್ಜರಿ.

ಹಳೆ ಮೇಷ್ಟ್ರು:
ನಿಮ್ಮ ಮೇಷ್ಟ್ರನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ ತಮ್ಮಾ. ಪರಿಚಯ ಓದುವವರು ಬರೀ ಅಂಗಡಿಗೆ ಬಂದ ಓದುಗರಲ್ಲ. ಗ್ರಂಥಾಲಯ ಇಲಾಖೆಯ ಆಯ್ಕೆಗೆ ಪುಸ್ತಕ ಹೋಗುತ್ತದೆ, ಬಹುಮಾನಗಳಿಗೆ ಹೋಗುತ್ತದೆ. ಅಲ್ಲಿ ಕುಳಿತವರು ಹುಟ್ಟೂರು, ಓದು, ಉದ್ಯೋಗ, ಪ್ರಕಟಣೆ ಇಷ್ಟನ್ನು ಹುಡುಕುತ್ತಾರೆ. "ಮಗಳು ಚೆನ್ನಾಗಿಲ್ಲ ಅಂದಿದ್ದಾಳೆ" ಎಂದು ಲೇಖಕನೇ ಹೇಳಿಕೊಂಡರೆ ಮುಂದೆ ಪುಟ ತೆರೆಯುವವರು ಯಾರು? ಕನ್ನಡದಲ್ಲಿ ಪರಿಚಯಕ್ಕೆ ಒಂದು ಮರ್ಯಾದೆ ಇದೆ. ಪ್ರಥಮ ಪುರುಷ, ಬಹುವಚನ.

ಕೆಂಪುಶಾಯಿ:
ಪ್ರಕಾಶನಗಳಿಗೆ ಕರಡು ತಿದ್ದೋದೇ ನನ್ನ ಹೊಟ್ಟೆಪಾಡು. ಬೆನ್ನುಪುಟ ಕಂಡಾಪಟ್ಟೆ ನೋಡಿದ್ದೇನೆ. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

"ಮೂರರಲ್ಲಿ ಯಾವುದು" ಅನ್ನೋ ಪ್ರಶ್ನೆಯನ್ನೇ ಬಿಡಿ. ಮೇಷ್ಟ್ರದ್ದಾಗಲಿ ಸಾಫ್ಟ್‌ವೇರಿನದಾಗಲಿ ವಾಕ್ಯಗಳನ್ನು ಎತ್ತಿಕೊಳ್ಳಬೇಡಿ. ಅವರು ಎಲ್ಲಿ ಕೈ ಇಟ್ಟರು ಅನ್ನೋದನ್ನು ಮಾತ್ರ ನೋಡಿ, ಆ ಜಾಗದಲ್ಲಿ ನಿಮ್ಮ ವಾಕ್ಯಕ್ಕೆ ನಿಜವಾಗಿ ಏನಾದರೂ ತೊಂದರೆ ಇದೆಯಾ ಅಂತ ಕೇಳಿಕೊಳ್ಳಿ. ಇದ್ದರೆ ನಿಮ್ಮ ಮಾತಲ್ಲೇ ಸರಿ ಮಾಡಿ, ಇಲ್ಲದಿದ್ದರೆ ಹಾಗೇ ಬಿಡಿ.

ನಿಮ್ಮದರಲ್ಲೇ ತೋರಿಸ್ತೀನಿ. ನೀವು "ಹನ್ನೊಂದು ವರ್ಷ ಆಯ್ತು" ಅಂದಿರಿ. ಸಾಫ್ಟ್‌ವೇರ್ ಅದನ್ನು "ಒಂದು ದಶಕಕ್ಕೂ ಹೆಚ್ಚಿನ ಅನುಭವ" ಮಾಡಿತು. ವಾಕ್ಯ ಕೆಟ್ಟದ್ದೇ, ಆದರೆ ಕೈ ಇಟ್ಟ ಜಾಗ ಸರಿ. ಪುಸ್ತಕ ಕಪಾಟಿನಲ್ಲಿ ಹತ್ತು ವರ್ಷ ಇರುತ್ತೆ, ಮುಂದಿನ ವರ್ಷಕ್ಕೇ ನಿಮ್ಮ "ಹನ್ನೊಂದು" ಸುಳ್ಳಾಗುತ್ತೆ. ಕೆಲಸಕ್ಕೆ ಸೇರಿದ ಇಸವಿ ಹಾಕಿ, ಮುಗೀತು. ದಶಕವೂ ಬೇಡ, ಅನುಭವವೂ ಬೇಡ.

ಎರಡನೇದು ಕೊನೆಯ ವಾಕ್ಯ. ಬಿ.ಎ., ಐಟಿಐ, ಹೆಂಡತಿ, ಮಗಳು, ಎಲ್ಲರನ್ನೂ ಒಂದೇ ಜೀಪಿಗೆ ತುಂಬಿದ್ದೀರಿ. ಇಬ್ಬರೂ ಅಲ್ಲೇ ಎಡವಿದ್ದಾರೆ, ನೋಡಿ. ಮೇಷ್ಟ್ರು "ತುಂಬು ಸಂಸಾರ" ಅಂತ ಮುಚ್ಚಿಹಾಕಿದರು, ಅದು "ಕುಟುಂಬದೊಂದಿಗೆ ಸಮಯ" ಅಂತ ಮುಚ್ಚಿಹಾಕಿತು. ಬೇರೆ ಬೇರೆ ಇಬ್ಬರು ಒಂದೇ ಕಡೆ ಕೈ ಹಾಕಿದರೆ ಅಲ್ಲೇನೋ ಸಿಕ್ಕು ಇದೆ ಅಂತ ಲೆಕ್ಕ. ಬಿಡಿಸಿ. ಓದು, ಕೆಲಸ ಮೇಲೆ ಹೋಗಲಿ, ಮನೆಯವರು ಕೆಳಗೆ ಇರಲಿ. "ಅಂಗನವಾಡಿಯಲ್ಲಿ ಇದ್ದಾಳೆ" ಅಂದರೆ ಕಾರ್ಯಕರ್ತೆಯೋ ಸಹಾಯಕಿಯೋ ಗೊತ್ತಾಗಲ್ಲ, ಅದನ್ನೂ ಹೇಳಿ.

ಇನ್ನು "ಬಯ್ಯುತ್ತಾರೆ, ಕಾಫಿ ಕೊಡುತ್ತಾರೆ." ಇದನ್ನು ಇಬ್ಬರೂ ತಿದ್ದಲಿಲ್ಲ, ತೆಗೆದೇಬಿಟ್ಟರು. ಆ ವಾಕ್ಯದಲ್ಲಿ ತಪ್ಪೇನಿದೆ? ಏನೂ ಇಲ್ಲ. ಪರಿಚಯಗಳಲ್ಲಿ ಸಾಮಾನ್ಯವಾಗಿ ಇರೋದಿಲ್ಲ, ಅಷ್ಟೆ. ಉಳಿಸಿಕೊಳ್ಳಬೇಕಾದದ್ದು ಅದನ್ನೇ.

ಮೇಷ್ಟ್ರ "ನಾಡಿನ ಹಲವು ಪತ್ರಿಕೆಗಳಲ್ಲಿ" ಅಂತೂ ಬೇಡವೇ ಬೇಡ. ಒಂದು ಕಥೆ ಬಂದಿದೆ, ಒಂದೇ ಅನ್ನಿ. ಪ್ರೀತಿಯಿಂದ ಹಾಕಿದ್ದಾರೆ, ಗೊತ್ತು. ಆದರೆ ಅಚ್ಚಾದ ಮೇಲೆ "ಯಾವ್ಯಾವ ಪತ್ರಿಕೆ ಸ್ವಾಮಿ?" ಅಂತ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ನೀವು.

ಹುಬ್ಳಿ ಮಂದಿ:
ಮೇಡಂ, "ಬೈತಾರೆ" ಮಾಡೂದರ ಬಗ್ಗೆ ಏನೂ ಹೇಳ್ಲಿಲ್ಲ?

ಕೆಂಪುಶಾಯಿ:
ಅದನ್ನು ಒಪ್ಪಲ್ಲ. ಅವರು ಬರೆದದ್ದನ್ನು ಇನ್ನೊಮ್ಮೆ ನೋಡಿ. "ಆಯ್ತು" ಆಡುಮಾತು, "ಬಯ್ಯುತ್ತಾರೆ" ಬರಹದ ರೂಪ, ಎರಡೂ ಮೊದಲಿಂದಲೇ ಬೆರೆತಿವೆ. ನೀವು ಎಲ್ಲವನ್ನೂ "ಬೈತಾರೆ" ಮಾಡಿದರೆ ಅದು ನಿಮ್ಮ ತಿದ್ದುಪಡಿ, ಅವರ ದನಿ ಅಲ್ಲ. ಮೇಷ್ಟ್ರು ಮೇಲಕ್ಕೆ ಎಳೆದರು, ನೀವು ಕೆಳಕ್ಕೆ ಎಳೀತಿದ್ದೀರಿ. ಜನ ಮೊದಲು ಬಯ್ತಾರೆ, ಆಮೇಲೆ ಕಾಫಿ ಕೊಡ್ತಾರೆ ಅನ್ನೋ ಆ ಅನುಕ್ರಮ ಇದೆಯಲ್ಲ, ಮತ್ತೆ ಬೈದವರ ಮೇಲೆ ಒಂದಿಷ್ಟೂ ಸಿಟ್ಟಿಲ್ಲದೆ ಅದನ್ನು ಹೇಳಿರೋದು, ಅಲ್ಲಿದೆ ಈ ಮನುಷ್ಯನ ದನಿ. ಕಾಗುಣಿತ ಹೇಗಿದ್ದರೂ ಅದು ಉಳಿಯುತ್ತೆ.

ಸೆಮಿಕೋಲನ್:
ಸಾಫ್ಟ್‌ವೇರ್ ಕಡೆಯಿಂದ ಒಂದು ಮಾತು, ದಿನಾ ಇದರ ಜೊತೆಗೇ ಕೆಲಸ ನನ್ನದು. "ಚೆನ್ನಾಗಿ ತಿದ್ದಿಕೊಡು" ಅಂದರೆ ಅದು ಪೂರ್ತಿ ಹೊಸದಾಗಿ ಬರೆದೇ ಬರೆಯುತ್ತೆ. ಹೀಗೆ ಕೇಳಿ ನೋಡಿ: "ಇದನ್ನು ತಿದ್ದಬೇಡ. ಓದುಗರಿಗೆ ಅರ್ಥವಾಗದೆ ಹೋಗಬಹುದಾದ ಜಾಗಗಳನ್ನು ಮಾತ್ರ ತೋರಿಸು, ಪ್ರತಿಯೊಂದಕ್ಕೂ ಕಾರಣ ಹೇಳು. ಬದಲಿ ವಾಕ್ಯ ಕೊಡಬೇಡ, ಹೊಸ ವಿಷಯ ಸೇರಿಸಬೇಡ." ಹೀಗಂದರೆ ಬರೋದು ಒಂದು ಪಟ್ಟಿ, ಬರೆಯೋ ಕೆಲಸ ನಿಮ್ಮ ಹತ್ತಿರವೇ ಉಳಿಯುತ್ತೆ.

ಎರಡು ಎಚ್ಚರಿಕೆ. ಅದೇ ಚಾಟ್‌ನಲ್ಲಿ ಮುಂದುವರಿದ ಹಾಗೆ ಅದು ಮೊದಲಿನ ಷರತ್ತು ಬಿಟ್ಟು ಮತ್ತೆ ವಾಕ್ಯ ಬರೆಯೋಕೆ ಶುರು ಮಾಡಬಹುದು. ಆಗ ಹೊಸ ಚಾಟ್ ತೆರೆದು ಷರತ್ತು ಮತ್ತೆ ಹಾಕಿ. ಇನ್ನೊಂದು, ಕನ್ನಡದಲ್ಲಿ ಕೇಳಿದರೆ ಅದು ವಾಲೋದು ಪತ್ರಿಕೆ, ಸರಕಾರಿ ಪ್ರಕಟಣೆಗಳ ಧಾಟಿಗೆ. "ಹೊಂದಿದ್ದಾರೆ", "ಸ್ಫೂರ್ತಿಯಾಗಿದೆ", "ಪ್ರಯತ್ನವಾಗಿದೆ" ಅಂತ ಸಾಲಾಗಿ ಬಂದರೆ ನಿಮ್ಮ ಕ್ರಿಯಾಪದಗಳೆಲ್ಲ ಹೋದವು ಅಂತಲೇ. ನಿಮ್ಮ ಕರಡಿನಲ್ಲಿ ಜನ ಬಯ್ಯುತ್ತಾರೆ, ಕೊಡುತ್ತಾರೆ, ನೀವು ಕೇಳಿಸಿಕೊಳ್ಳುತ್ತೀರಿ. ಅದರದ್ದರಲ್ಲಿ ಯಾರೂ ಏನೂ ಮಾಡುವುದೇ ಇಲ್ಲ. "ಕೇವಲ ಕಥೆಯಲ್ಲ, ಅದು..." ಅನ್ನೋ ವಾಕ್ಯ ಕಂಡರೆ ಎರಡನೇ ಸಲ ಯೋಚಿಸಬೇಡಿ, ಅಳಿಸಿ.

ಸ್ನೇಹಿತರಿಗೆ ಕಳಿಸೋದಾದರೆ ವಾಟ್ಸಾಪ್ ಬೇಡ. ಅವರು ಏನು ಬದಲಿಸಿದರು ಅಂತಲೇ ತಿಳಿಯಲ್ಲ. ಗೂಗಲ್ ಡಾಕ್ಸ್‌ನಲ್ಲಿ ಕಮೆಂಟರ್ ಅನುಮತಿ ಕೊಟ್ಟು ಹಂಚಿ, ಆಗ ಅವರಿಗೆ ಸಜೆಸ್ಟಿಂಗ್ ಮೋಡ್ ಮಾತ್ರ ಸಿಗುತ್ತೆ. ಅವರು ಬದಲಿಸಿದ್ದೆಲ್ಲ ಬೇರೆ ಬಣ್ಣದಲ್ಲಿ ಬರುತ್ತೆ, ಒಂದೊಂದನ್ನೇ ಒಪ್ಪಬಹುದು, ಬಿಡಬಹುದು.

ಕಂಬದ ಮೇಲಿಂದ:
ಸೆಮಿಕೋಲನ್ ಹೇಳಿದ ಹಾಗೆ ಕೇಳಿದೆ. ನಾಲ್ಕು ಜಾಗ ತೋರಿಸಿತು. ಕೊನೆಯ ವಾಕ್ಯದಲ್ಲಿ ವಿಷಯ ಜಾಸ್ತಿಯಾಯ್ತು ಅಂತು, ಮೇಡಂ ಹೇಳಿದ್ದೇ ಅದು. "ಉಳಿದವು ಇದೇ ಮೊದಲು" ಅನ್ನೋದು ಅರ್ಧಕ್ಕೇ ನಿಂತಿದೆಯಂತೆ, ಅದೂ ನಿಜ. ಮೂರನೇದು, "ಬಯ್ಯುತ್ತಾರೆ" ಅನ್ನೋ ಪದ ಪುಸ್ತಕದ ಹಿಂಬದಿಗೆ ಸೂಕ್ತವಲ್ಲ ಅಂತ. ನಾಲ್ಕನೇದು, "ಕರೆಂಟ್" ಒಂದೇ ವಾಕ್ಯದಲ್ಲಿ ಎರಡು ಸಲ ಬಂದಿದೆ, ಪುನರುಕ್ತಿ.

ಮೂರನೇದನ್ನು ಬಿಟ್ಟೆ. ನಾಲ್ಕನೇದು ಸರಿ ಅನ್ನಿಸಿ ಎರಡನೇ "ಕರೆಂಟ್" ತೆಗೆದೆ. ಈಗ "ಕರೆಂಟ್ ಹೋದರೆ ಜನ ಮೊದಲು ನನ್ನನ್ನು ಬಯ್ಯುತ್ತಾರೆ, ಬಂದ ಮೇಲೆ ಕಾಫಿ ಕೊಡುತ್ತಾರೆ" ಅಂತ ಆಗಿದೆ.

ಇನ್ನೊಂದು ವಿಷಯ. ಮೇಷ್ಟ್ರು "ವಿದ್ಯುತ್ ಇಲಾಖೆ" ಅಂದಿದ್ದಾರಲ್ಲ, ಇಲಾಖೆ ಅಂತ ಈಗ ಎಲ್ಲಿದೆ? 1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ವಿತರಣಾ ಕಂಪನಿಗಳಾದವು. ಜನ ಮಾತ್ರ ಇವತ್ತಿಗೂ ನನ್ನನ್ನು "ಕೆಇಬಿಯವನು" ಅಂತಲೇ ಕರೆಯೋದು. ನಮ್ಮ ಹುದ್ದೆಗೆ ಈಗ ಕಾಗದದಲ್ಲಿ ಪವರ್‌ಮ್ಯಾನ್ ಅಂತ ಇದೆ. ಏನು ಹಾಕಲಿ?

ಹುಬ್ಳಿ ಮಂದಿ:
"ಬಂದ ಮೇಲೆ ಕಾಫಿ ಕೊಡುತ್ತಾರೆ". ಯಾರು ಬಂದ ಮೇಲ್ರೀ? ನೀವು ಬಂದ ಮ್ಯಾಲೋ, ಕರೆಂಟ್ ಬಂದ ಮ್ಯಾಲೋ? ನೀವು ಬಂದಕೂಡ್ಲೆ ಯಾರೂ ಕಾಫಿ ಕೊಡಂಗಿಲ್ಲ, ಅದ ನಿಮ್ಮ ಮಜಾ ಅಲ್ಲೇನು? ಎರಡನೇ ಕರೆಂಟ್ ವಾಪಸ್ ಹಾಕ್ರಿ.

ಕೆಂಪುಶಾಯಿ:
ಇದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ಶಭಾಷ್. ಪುನರುಕ್ತಿ ಅಂತ ಯಾರು ಹೇಳಿದರೂ, ಅದು ಮೇಷ್ಟ್ರೇ ಆಗಲಿ ಯಂತ್ರವೇ ಆಗಲಿ, ತೆಗೆದು ಒಮ್ಮೆ ಜೋರಾಗಿ ಓದಿ ನೋಡಬೇಕು. ಅರ್ಥ ಅಲುಗಾಡಿದರೆ ಅದು ಪುನರುಕ್ತಿ ಅಲ್ಲ.

ಲೈನ್‌ಮನ್ ಅಂತಲೇ ಹಾಕಿ. ಸಂಬಳದ ಚೀಟಿಯಲ್ಲಿ ಏನಿದ್ದರೂ ಕಥೆಗಳಲ್ಲಿ ಜನ ನಿಮ್ಮನ್ನು ಏನಂತ ಕೂಗ್ತಾರೋ ಅದೇ ಸಾಕು. ಅರ್ಜಿಗಳಿಗಾದರೆ ಬೇರೆ ಮಾತು. ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದಂಥದಕ್ಕೆ ಹಾಕುವಾಗ ಹುದ್ದೆ ಅಧಿಕೃತವಾಗಿಯೇ ಇರಲಿ. ಹಳೆ ಮೇಷ್ಟ್ರು ಹೇಳಿದ್ದು ಅಲ್ಲಿಗೆ ಸರಿ, ಹುಟ್ಟೂರು, ಓದು, ಹುದ್ದೆ, ಪ್ರಕಟಣೆ ಅಂತ ಒಣಒಣವಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಿ. ಒಂದೇ ಪರಿಚಯ ಎರಡೂ ಕಡೆ ದುಡಿಯಲಿ ಅಂತ ಹೊರಟಾಗಲೇ "ವೃತ್ತಿಯಲ್ಲಿ, ಪ್ರವೃತ್ತಿಯಲ್ಲಿ" ಎಲ್ಲ ಒಳಗೆ ಬರೋದು.

ಹಳೆ ಮೇಷ್ಟ್ರು:
ಒಪ್ಪಿದೆ. ಆದರೆ "ನಾನು" ಎಂದು ಬರೆಯುವುದು? ಬೆನ್ನುಪುಟ ಲೇಖಕನ ಡೈರಿಯಲ್ಲ.

ಕೆಂಪುಶಾಯಿ:
ಹೆಚ್ಚಿನ ಪ್ರಕಾಶಕರು "ಇವರು" ಅಂತಲೇ ಕೇಳ್ತಾರೆ, ನಿಜ. ಈ ಪರಿಚಯವನ್ನು ಹಾಗೆ ಬದಲಿಸಿ ನೋಡೋಣ: "ಕರೆಂಟ್ ಹೋದರೆ ಜನ ಮೊದಲು ಇವರನ್ನು ಬಯ್ಯುತ್ತಾರೆ." ಪರವಾಗಿಲ್ಲ, ನಿಲ್ಲುತ್ತೆ. "ಇವರ ಮಗಳು ಎರಡು ಕಥೆ ಓದಿ ಚೆನ್ನಾಗಿಲ್ಲ ಅಂದಿದ್ದಾಳೆ." ಇದು ನಿಲ್ಲಲ್ಲ. ತಾನೇ ಹೇಳಿಕೊಂಡರೆ ತಮಾಷೆ, ಇನ್ನೊಬ್ಬರು ಹೇಳಿದ ಹಾಗೆ ಬಂದರೆ ಚಾಡಿ. "ಇವರು" ಮಾಡುವುದಾದರೆ ಮಗಳ ವಾಕ್ಯ ಬಿಡಬೇಕು, ಮಗಳು ಬೇಕಾದರೆ "ನಾನು" ಇರಬೇಕು. ಎರಡರಲ್ಲೊಂದು ಅಂತ ಪ್ರಕಾಶಕರನ್ನೇ ಕೇಳಿ. ನನಗೆ ಮಗಳು ಬೇಕು.

ಹಳೆ ಮೇಷ್ಟ್ರು:
ನನಗೆ "ಇವರು" ಬೇಕು. ಇರಲಿ, ಪುಸ್ತಕ ನನ್ನದಲ್ಲ.

ಸೆಮಿಕೋಲನ್:
ಮಗಳ ವಾಕ್ಯಕ್ಕೆ ನನ್ನ ಓಟೂ ಇದೆ. ಆದರೆ ಮಗಳನ್ನೇ ಒಮ್ಮೆ ಕೇಳಿ. ಎಷ್ಟು ವಯಸ್ಸೋ ಗೊತ್ತಿಲ್ಲ, ಹೈಸ್ಕೂಲಿನಲ್ಲಿದ್ದರೆ ಗೆಳತಿಯರು ಆ ಪುಸ್ತಕ ನೋಡೇ ನೋಡ್ತಾರೆ.

ಕಂಬದ ಮೇಲಿಂದ:
ಕೇಳಿದೆ. ಎಂಟನೇ ಕ್ಲಾಸು. "ಹಾಕಪ್ಪ, ಆದರೆ ಎರಡು ಕಥೆ ಮಾತ್ರ ಓದಿದ್ದು ಅಂತ ಸರಿಯಾಗಿ ಹಾಕು, ಎಲ್ಲ ಓದಿ ಹೇಳಿದ ಹಾಗೆ ಇರಬಾರದು" ಅಂದಳು. ಪ್ರಕಾಶಕರು "ನಾನು"ಗೆ ಒಪ್ಪಿದ್ದಾರೆ, ಅವರಿಗೆ ಬೇಕಾಗಿರೋದು ಅರವತ್ತು ಪದ ದಾಟಬಾರದು ಅನ್ನೋದಷ್ಟೆ. ಈಗ ಹೀಗಿದೆ:

"ಊರು ತೀರ್ಥಹಳ್ಳಿ ಹತ್ತಿರ. ಬಿ.ಎ. ಅರ್ಧಕ್ಕೆ ಬಿಟ್ಟು ಐಟಿಐ ಮಾಡಿದೆ. 2014ರಿಂದ ಲೈನ್‌ಮನ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಜನ ಮೊದಲು ನನ್ನನ್ನು ಬಯ್ಯುತ್ತಾರೆ, ಕರೆಂಟ್ ಬಂದ ಮೇಲೆ ಕಾಫಿ ಕೊಡುತ್ತಾರೆ. ಆ ಎರಡರ ನಡುವೆ ಕೇಳಿಸಿಕೊಂಡದ್ದನ್ನೇ ಕಥೆ ಮಾಡಿದ್ದೇನೆ. ಒಂದು ಕಥೆ ವಾರಪತ್ರಿಕೆಯಲ್ಲಿ ಬಂದಿತ್ತು, ಉಳಿದವು ಅಚ್ಚಾಗುತ್ತಿರುವುದು ಇದೇ ಮೊದಲು. ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ಮಗಳು ಈವರೆಗೆ ಎರಡು ಕಥೆ ಓದಿದ್ದಾಳೆ, ಎರಡೂ ಚೆನ್ನಾಗಿಲ್ಲ ಅಂದಿದ್ದಾಳೆ."

ಪುಸ್ತಕದಲ್ಲಿ ವಾರಪತ್ರಿಕೆಯ ಹೆಸರು ಇರ್ತದೆ, ಇಲ್ಲಿ ಬಿಟ್ಟಿದ್ದೇನೆ. ಇನ್ನು ಮೇಷ್ಟ್ರಿಗೆ ಏನು ಹೇಳೋದು? ಅವರು ಬರೆದದ್ದರಲ್ಲಿ ಒಂದು ವಾಕ್ಯವೂ ಉಳಿದಿಲ್ಲ.

ರಾಜಾಜಿನಗರದ ಆಂಟಿ:
ಈಗ ತುಂಬಾ ಚೆನ್ನಾಗಿದೆ. ಮದುವೆ ವಿಷಯ ಅಂತ ತಿಳಿದು ಹೇಳಿದ್ದೆ ಕಣಪ್ಪ, ಈ ಬಿ.ಎ. ಇಲ್ಲಿ ಇರಲಿ. ಮೇಷ್ಟ್ರಿಗೆ ಹೇಳೋದು ಸುಲಭ, ಬಿಡುಗಡೆ ದಿನ ವೇದಿಕೆ ಮೇಲೆ ನಿನ್ನ ಪರಿಚಯ ಅವರೇ ಮಾಡಿಕೊಡಲಿ ಅಂತ ಕೇಳು. ಅವರು ಬರೆದಿರೋದು ಭಾಷಣಕ್ಕೆ ಹೇಳಿ ಮಾಡಿಸಿದ ಹಾಗಿದೆ, ಮೈಕಿನಲ್ಲಿ ಚೆನ್ನಾಗಿ ಕೇಳುತ್ತೆ.

ಕೆಂಪುಶಾಯಿ:
ಆಂಟಿ ಮಾತಿಗೆ ನನ್ನ ಮತ. "ಹಲವು ಪತ್ರಿಕೆಗಳು" ಮಾತ್ರ ಮೈಕಿನಲ್ಲೂ ಬೇಡ ಅಂತ ಮೊದಲೇ ಹೇಳಿಬಿಡಿ. ಊರು, ಉದ್ಯೋಗ ಮೊದಲು, ಮನೆಯವರು ಕೊನೆಗೆ ಅನ್ನೋದು ಅವರ ಕ್ರಮ ತಾನೇ? ಅದನ್ನು ತಗೊಂಡಿದ್ದೀರಿ, ಅದನ್ನೂ ಹೇಳಿ. ಮುಂದಿನ ಸಲ ಯಾರಿಗಾದರೂ ಓದೋಕೆ ಕೊಟ್ಟರೆ ಬರೆದು ಕಳಿಸಿ ಅನ್ನಬೇಡಿ. ಫೋನ್ ಮಾಡಿ, ಎಲ್ಲಿ ತಡವರಿಸಿದಿರಿ ಅಂತ ಕೇಳಿ. ಪೆನ್ನು ಕೈಗೆ ಕೊಟ್ಟರೆ ನನ್ನಂಥವಳೂ ಸುಮ್ಮನಿರಲ್ಲ.

ಹುಬ್ಳಿ ಮಂದಿ:
ಎಲ್ಲಾ ಒಪ್ಪಿದ್ಯಾ. "ಅಚ್ಚಾಗುತ್ತಿರುವುದು" ಒಂದು ನನಗ ಒಪ್ಪಂಗಿಲ್ಲ, ಅಲ್ಲಿ ನೀವು ಮೇಷ್ಟ್ರಾಗೀರಿ. "ಉಳಿದವು ಯಾರೂ ಓದಿಲ್ಲ" ಅಂದಿದ್ರ ಆಗ್ತಿತ್ತು.

ಕಂಬದ ಮೇಲಿಂದ:
ಹಾಗಂದರೆ ಮಗಳು ಓದಿದ್ದು ಸುಳ್ಳಾಗ್ತದಲ್ಲ ಮಾರಾಯ್ರೆ. ಆದರೂ ಆ ಪದ ನನಗೂ ಸ್ವಲ್ಪ ಬಿಗಿ ಅನ್ನಿಸ್ತಿದೆ. ರಾತ್ರಿ ಇನ್ನೊಂದು ಸಲ ನೋಡ್ತೇನೆ.

ಕೆಂಪುಶಾಯಿ:
ಪುಟ ಕಟ್ಟಿದ ಮೇಲೆ ಪಿಡಿಎಫ್ ತರಿಸಿಕೊಂಡು ನೋಡಿ. ಯೂನಿಕೋಡಿನಿಂದ ನುಡಿ ಫಾಂಟಿಗೆ ತಿರುಗಿಸುವಾಗ "ಲೈನ್‌ಮನ್" ಹೋಗಿ "ಲೈನ್ಮನ್" ಆಗೋದು ಸಾಮಾನ್ಯ. ಡಿಟಿಪಿಯವರು ತಾವಾಗಿ "ಅಂದಿದ್ದಾಳೆ"ಯನ್ನು "ಎಂದಿದ್ದಾಳೆ" ಮಾಡಿರ್ತಾರೆ, ಅದನ್ನೂ ನೋಡಿ.